ಕೆಟ್ಟ ರಸ್ತೆಗಾಗಿ ನಗರಸಭೆಗೆ ಮನವಿ: ಬೇಡಿಕೆ ಸ್ಪಷ್ಟವಾಗುವಂತೆ ಕರಡನ್ನು ತಿದ್ದುವ ಬಗೆ

ರಸ್ತೆ ದುರಸ್ತಿ ಕೋರುವ ಮನವಿಗಳಲ್ಲಿ ಹೆಚ್ಚಿನವು ಸೋಲುವುದು ಕೊನೆಯ ಸಾಲಿನಲ್ಲಿ. ಒಂದೂವರೆ ಪುಟ ಕಷ್ಟ ಹೇಳಿ, ಕೊನೆಗೆ ‘ಆದುದರಿಂದ ತಾವು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದು ಮುಗಿಸುತ್ತೇವೆ. ಯಾವ ಕ್ರಮ, ಎಲ್ಲಿಂದ ಎಲ್ಲಿಯವರೆಗೆ, ಯಾವಾಗ ಎನ್ನುವುದು ಅಲ್ಲಿ ಇರುವುದಿಲ್ಲ. ಒಂದು ಲೋಡು ಮಣ್ಣು ತಂದು ಹೊಂಡಕ್ಕೆ ಸುರಿದರೂ ಅದು ಸೂಕ್ತ ಕ್ರಮವೇ. ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ, ಆದರೆ ಕಡತದಲ್ಲಿ ‘ಕ್ರಮ ಕೈಗೊಳ್ಳಲಾಗಿದೆ’ ಎಂಬ ಷರಾ ಉಳಿಯುತ್ತದೆ. ಅದನ್ನು ಪ್ರಶ್ನಿಸಲು ನಮ್ಮ ಮನವಿಯಲ್ಲಿಯೇ ಆಧಾರವಿರುವುದಿಲ್ಲ.

ಕೆಲಸ ಆಗಿದೆಯೋ ಇಲ್ಲವೋ ಎಂದು ಯಾರು ಬೇಕಾದರೂ ಸ್ಥಳಕ್ಕೆ ಹೋಗಿ ನೋಡಿ ಹೇಳುವಂತಿರಬೇಕು. ಬೇಡಿಕೆಯ ಸಾಲಿಗೆ ಇರಬೇಕಾದ ಗುಣ ಅದೊಂದೇ. ಕರಡನ್ನು ತಿದ್ದುವ ಕೆಲಸವೆಲ್ಲ ಆ ಸಾಲಿಗಾಗಿ. ಉಡುಪಿ ನಗರಸಭೆಗೆ ಬರೆಯುವ ಒಂದು ಮನವಿಯನ್ನು ತೆಗೆದುಕೊಂಡು ಹಂತ ಹಂತವಾಗಿ ತಿದ್ದೋಣ. ಇಲ್ಲಿಯ ರಸ್ತೆ, ಅಳತೆ, ದಿನಾಂಕಗಳು ಉದಾಹರಣೆಗಾಗಿ ಕಟ್ಟಿದವು. ನೀವು ನಿಮ್ಮ ರಸ್ತೆಯದನ್ನು ತುಂಬಿಕೊಳ್ಳಬೇಕು. ಜುಲೈ ಮಧ್ಯದಲ್ಲಿ, ಮಳೆ ಜೋರಾಗಿರುವಾಗ, ನೆರೆಹೊರೆಯವರು ಸೇರಿ ಬರೆದ ಮೊದಲ ಕರಡು ಹೀಗಿದೆ ಎಂದುಕೊಳ್ಳಿ:

‘ಮಾನ್ಯರೇ, ನಮ್ಮ ರಸ್ತೆಯ ಅವಸ್ಥೆ ಹೇಳತೀರದು. ಎಷ್ಟೋ ವರ್ಷಗಳಿಂದ ನಾವು ನರಕಯಾತನೆ ಅನುಭವಿಸುತ್ತಿದ್ದೇವೆ. ರಸ್ತೆಯ ತುಂಬ ಹೊಂಡಗಳು. ಪೈಪ್ ಹಾಕಲು ಬಂದವರು ಅಗೆದು ಹಾಗೆಯೇ ಬಿಟ್ಟು ಹೋಗಿದ್ದಾರೆ. ಗುತ್ತಿಗೆದಾರರು ಮತ್ತು ಅಧಿಕಾರಿಗಳು ಸೇರಿ ಹಣ ತಿಂದಿದ್ದಾರೆ ಎಂದು ಜನ ಹೇಳುತ್ತಿದ್ದಾರೆ. ಶಾಲೆಯ ಮಕ್ಕಳು, ವೃದ್ಧರು ದಿನವೂ ಬೀಳುತ್ತಿದ್ದಾರೆ. ದಾರಿದೀಪ ಉರಿಯುವುದಿಲ್ಲ, ಕಸದ ಗಾಡಿ ಸರಿಯಾಗಿ ಬರುವುದಿಲ್ಲ, ಬೀದಿನಾಯಿಗಳ ಕಾಟ ಬೇರೆ. ತೆರಿಗೆ ಕಟ್ಟುವ ನಮಗೆ ಇದೇ ಗತಿಯೇ? ಆದುದರಿಂದ ತಾವು ದಯಮಾಡಿ ಇತ್ತ ಗಮನ ಹರಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕಳಕಳಿಯ ವಿನಂತಿ. ಇಲ್ಲದಿದ್ದಲ್ಲಿ ಉಗ್ರ ಹೋರಾಟ ಮಾಡಲಾಗುವುದು.’

ಇದರಲ್ಲಿರುವ ಸಂಕಟ ನಿಜವಾದದ್ದು. ಆದರೆ ಈ ಹಾಳೆಯನ್ನು ಕೈಯಲ್ಲಿ ಹಿಡಿದು ಸ್ಥಳಕ್ಕೆ ಬರುವ ಕಿರಿಯ ಇಂಜಿನಿಯರ್‌ಗೆ ಯಾವ ರಸ್ತೆ, ಎಷ್ಟು ಉದ್ದ, ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ.

ಮೊದಲು: ರಸ್ತೆ ಯಾರದು?

ತಿದ್ದಲು ಕೂರುವ ಮೊದಲು ಇದು ಖಚಿತವಾಗಬೇಕು. ಉಡುಪಿ ಪೇಟೆಯೊಳಗೆ ಹಾದುಹೋಗುವ ರಸ್ತೆಯೆಲ್ಲ ನಗರಸಭೆಯದಲ್ಲ. ಕರಾವಳಿಯುದ್ದಕ್ಕೆ ಸಾಗುವ 66 ಮತ್ತು ಮಲ್ಪೆಯಿಂದ ಮಣಿಪಾಲದ ಮೂಲಕ ತೀರ್ಥಹಳ್ಳಿಯ ಕಡೆಗೆ ಹೋಗುವ 169ಎ ರಾಷ್ಟ್ರೀಯ ಹೆದ್ದಾರಿಗಳು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರುತ್ತವೆ. ನಗರದ ಅಂಚಿನ ಬಡಾವಣೆಗಳಲ್ಲಿ ರಸ್ತೆಯ ಅರ್ಧ ನಗರಸಭೆಗೂ ಉಳಿದರ್ಧ ಪಕ್ಕದ ಗ್ರಾಮ ಪಂಚಾಯತಿಗೂ ಸೇರಿರುವುದುಂಟು. ಖಾಸಗಿ ಬಡಾವಣೆಯ ರಸ್ತೆ ಇನ್ನೂ ಹಸ್ತಾಂತರವಾಗಿಲ್ಲದಿದ್ದರೆ ನಗರಸಭೆ ಅದಕ್ಕೆ ಹಣ ಹಾಕಲು ಹಿಂಜರಿಯುತ್ತದೆ. ನಗರಸಭೆಯ ಇಂಜಿನಿಯರಿಂಗ್ ಶಾಖೆಯಲ್ಲಿ ವಾರ್ಡ್ ಹೇಳಿ ಕೇಳಿದರೆ ಇದು ತಿಳಿಯುತ್ತದೆ. ರಸ್ತೆಗೆ ಅವರ ದಾಖಲೆಯಲ್ಲಿ ಯಾವ ಹೆಸರಿದೆ ಎಂಬುದನ್ನೂ ಆಗಲೇ ಕೇಳಿ ಬರೆದುಕೊಳ್ಳಿ. ಊರವರು ಕರೆಯುವ ಹೆಸರು ಮತ್ತು ದಾಖಲೆಯ ಹೆಸರು ಬೇರೆ ಬೇರೆ ಇದ್ದರೆ ಮನವಿಯಲ್ಲಿ ಎರಡನ್ನೂ ಕೊಡಬೇಕು.

ಉಡುಪಿಯಲ್ಲಿ ಮನವಿ ಪೌರಾಯುಕ್ತರ ಹೆಸರಿಗೆ ಹೋಗುತ್ತದೆ, ಮಂಗಳೂರಿನಲ್ಲಾದರೆ ಮಹಾನಗರ ಪಾಲಿಕೆಯ ಆಯುಕ್ತರಿಗೆ. ಹುದ್ದೆಗೆ ಬರೆಯಿರಿ, ವ್ಯಕ್ತಿಯ ಹೆಸರು ಬೇಡ. ಅಧಿಕಾರಿ ವರ್ಗವಾದರೂ ಪತ್ರ ಹುದ್ದೆಯ ಮೇಲೆಯೇ ನಿಲ್ಲುತ್ತದೆ.

ಕರಡು ಬದಿಗಿಟ್ಟು ರಸ್ತೆಗೆ ಹೋಗಿ

‘ರಸ್ತೆಯ ತುಂಬ ಹೊಂಡಗಳು’ ಎಂಬ ಮಾತನ್ನು ಮೇಜಿನ ಮುಂದೆ ಕುಳಿತು ಸರಿಪಡಿಸಲಾಗುವುದಿಲ್ಲ. ಒಂದು ಟೇಪು, ಒಂದು ನೇರವಾದ ಕೋಲು, ಮೊಬೈಲ್ ಹಿಡಿದು ಇಬ್ಬರು ಹೋದರೆ ಸಾಕು. ಮೊದಲು ಕೆಟ್ಟ ಭಾಗದ ಎರಡು ತುದಿಗಳನ್ನು ಗುರುತಿಸಿ. ಆ ಗುರುತುಗಳು ನಾಳೆಯೂ ಅಲ್ಲಿಯೇ ಇರುವಂಥವಾಗಿರಬೇಕು: ಅಂಗನವಾಡಿ, ಮೋರಿ, ಟ್ರಾನ್ಸ್‌ಫಾರ್ಮರ್, ಸಂಖ್ಯೆ ಬರೆದ ವಿದ್ಯುತ್ ಕಂಬ. ‘ರಾಯರ ಮನೆಯ ಹತ್ತಿರ’ ಎಂಬುದು ಊರವರಿಗೆ ಮಾತ್ರ ಗೊತ್ತಿರುವ ಗುರುತು.

ನಮ್ಮ ಉದಾಹರಣೆಯ ಅಡ್ಡರಸ್ತೆಯ ಒಟ್ಟು ಉದ್ದ 180 ಮೀಟರ್. ಅದರಲ್ಲಿ ನಿಜವಾಗಿ ಕೆಟ್ಟಿರುವುದು ಅಂಗನವಾಡಿಯಿಂದ ಕೆಳಗಿನ ಮೋರಿಯವರೆಗಿನ 60 ಮೀಟರ್. ಅಲ್ಲಿ ಆರು ಹೊಂಡಗಳಿವೆ. ಅಂಗನವಾಡಿಯ ಕಡೆಯಿಂದ ಒಂದರಿಂದ ಆರರವರೆಗೆ ಸಂಖ್ಯೆ ಕೊಟ್ಟು, ಪ್ರತಿಯೊಂದರ ಉದ್ದ, ಅಗಲ, ಆಳ ಬರೆದುಕೊಳ್ಳಿ. ಆಳ ಅಳೆಯಲು ಹೊಂಡದ ಮೇಲೆ ಅಡ್ಡಲಾಗಿ ಕೋಲು ಇಟ್ಟು, ಅದರ ಅಡಿಯಿಂದ ತಳದವರೆಗೆ ಟೇಪು ಇಳಿಸಬೇಕು. ನೀರು ನಿಂತಿದ್ದರೂ ಈ ಕ್ರಮದಲ್ಲಿ ಅಳತೆ ಸಿಗುತ್ತದೆ. ದೊಡ್ಡದಾದ ನಾಲ್ಕನೆಯ ಹೊಂಡ 1.5 ಮೀಟರ್ ಉದ್ದ, 1 ಮೀಟರ್ ಅಗಲ, 18 ಸೆಂಟಿಮೀಟರ್ ಆಳ ಎಂದು ತಿಳಿಯಿರಿ. ಸಂಖ್ಯೆಯನ್ನು ಹೆಚ್ಚಿಸಿ ಬರೆಯುವ ಆಸೆ ಬೇಡ. ಇಪ್ಪತ್ತು ಹೊಂಡ ಎಂದು ಬರೆದ ಕಡೆ ಇಂಜಿನಿಯರ್‌ಗೆ ಆರು ಕಂಡರೆ ಮನವಿಯ ಉಳಿದ ಮಾತುಗಳೂ ಹಗುರವಾಗುತ್ತವೆ.

ಹೊಂಡಕ್ಕಿಂತ ಮುಖ್ಯವಾದದ್ದು ಹೊಂಡದ ಕಾರಣ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕಡೆ ರಸ್ತೆ ಕೆಡುವುದು ಬಹುಪಾಲು ನೀರಿನಿಂದ. ಜೋರು ಮಳೆ ಬರುವಾಗ ಹತ್ತು ನಿಮಿಷ ಕೊಡೆ ಹಿಡಿದು ಅಲ್ಲಿಯೇ ನಿಂತು ನೋಡಿ. ನಮ್ಮ ರಸ್ತೆಯಲ್ಲಿ ಎರಡು ಸಂಗತಿ ಕಾಣುತ್ತವೆ. ಬಲಬದಿಯ ಚರಂಡಿಯಲ್ಲಿ ಹೂಳು ತುಂಬಿ, ತೋಡಿಗೆ ಇಳಿಯಬೇಕಾದ ನೀರು ರಸ್ತೆಯ ಮೇಲೆಯೇ ಅಡ್ಡ ಹರಿಯುತ್ತಿದೆ. ಎಡಬದಿಯಲ್ಲಿ ಕುಡಿಯುವ ನೀರಿನ ಪೈಪಿಗಾಗಿ ಅಗೆದ ಕಣಿಯನ್ನು ಬರೀ ಮಣ್ಣಿನಿಂದ ಮುಚ್ಚಿದ್ದಾರೆ, ಮಣ್ಣು ಕುಸಿದು ಡಾಮರಿನ ಅಂಚು ಒಡೆಯುತ್ತಿದೆ. ಈ ಎರಡನ್ನು ಬಿಟ್ಟು ಹೊಂಡ ಮಾತ್ರ ಮುಚ್ಚಿಸಿಕೊಂಡರೆ ಮುಂದಿನ ವರ್ಷ ಅದೇ ಮನವಿಯನ್ನು ಮತ್ತೆ ಬರೆಯಬೇಕಾಗುತ್ತದೆ.

ಫೋಟೋಗಳು ನಾಲ್ಕೈದು ಸಾಕು. ಪ್ರತಿಯೊಂದರಲ್ಲೂ ಒಂದು ಸ್ಥಿರವಾದ ಗುರುತು ಕಾಣಬೇಕು, ಹೊಂಡದಲ್ಲಿ ಟೇಪು ಅಥವಾ ಕೋಲು ಇರಬೇಕು. ಹಾಳೆಗೆ ಅಂಟಿಸಿ ಕೆಳಗೆ ದಿನಾಂಕ ಮತ್ತು ಹೊಂಡದ ಸಂಖ್ಯೆ ಬರೆಯಿರಿ.

ಬೇಡಿಕೆಯನ್ನು ಮೊದಲು ಬರೆಯಿರಿ

ಈಗ ಹೊಸ ಹಾಳೆಯಲ್ಲಿ ಬೇಡಿಕೆಯ ಭಾಗವನ್ನೇ ಮೊದಲು ಬರೆಯಬೇಕು. ಪೀಠಿಕೆಯಿಂದ ಶುರು ಮಾಡಿದರೆ ಬೇಡಿಕೆಯ ಹೊತ್ತಿಗೆ ಬರೆಯುವವರಿಗೂ ಓದುವವರಿಗೂ ದಣಿವಾಗಿರುತ್ತದೆ.

ಜುಲೈಯಲ್ಲಿ ‘ತಕ್ಷಣ ಡಾಮರೀಕರಣ ಮಾಡಬೇಕು’ ಎಂದು ಕೇಳುವುದು ಕರಾವಳಿಯ ಮನವಿಗಳಲ್ಲಿ ತುಂಬ ಸಾಮಾನ್ಯ. ಒದ್ದೆಯಾದ ತಳಕ್ಕೆ ಬಿಸಿ ಡಾಮರು ಹಿಡಿಯುವುದಿಲ್ಲ, ಆದ್ದರಿಂದ ಮಳೆಗಾಲದಲ್ಲಿ ಆ ಕೆಲಸ ನಡೆಯುವುದಿಲ್ಲ. ‘ಮಳೆ ನಿಂತ ಬಳಿಕ ಪರಿಶೀಲಿಸಲಾಗುವುದು’ ಎಂಬ ಒಂದು ಸಾಲಿನ ಉತ್ತರಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ, ಜುಲೈಯಲ್ಲಿ ಆಗಬಹುದಾಗಿದ್ದ ಕೆಲಸವೂ ನಿಂತುಹೋಗುತ್ತದೆ. ಬೇಡಿಕೆಯನ್ನು ಕಾಲಕ್ಕೆ ತಕ್ಕಂತೆ ಒಡೆಯುವುದೇ ಇದಕ್ಕೆ ಪರಿಹಾರ.

ಮಳೆಗಾಲದಲ್ಲಿಯೇ ಆಗುವ ಕೆಲಸಗಳಿವೆ. ಚರಂಡಿಯ ಹೂಳು ತೆಗೆಯಬಹುದು, ಹೊಂಡಗಳಿಗೆ ಜಲ್ಲಿ ಮಿಶ್ರಣ ತುಂಬಿ ಒತ್ತಿ ಗಟ್ಟಿ ಮಾಡಬಹುದು, ಅಪಾಯದ ಜಾಗದಲ್ಲಿ ಎಚ್ಚರಿಕೆಯ ಫಲಕ ಇಡಬಹುದು. ಇವಕ್ಕೆ ಹೊಸ ಟೆಂಡರಿನ ತನಕ ಕಾಯಬೇಕಾಗಿಲ್ಲ. ಇದು ಮೊದಲ ಬೇಡಿಕೆ. ಪೈಪಿನ ಕಣಿಯದು ಎರಡನೆಯದು: ರಸ್ತೆ ಅಗೆದವರೇ ಅದನ್ನು ಮೊದಲಿದ್ದ ಸ್ಥಿತಿಗೆ ತರಬೇಕೆಂಬ ಷರತ್ತು ಸಾಮಾನ್ಯವಾಗಿ ಅನುಮತಿಯಲ್ಲಿಯೋ ಗುತ್ತಿಗೆಯಲ್ಲಿಯೋ ಇರುತ್ತದೆ. ಅದನ್ನು ಜಾರಿ ಮಾಡಿಸಿ ಎಂದು ನಗರಸಭೆಯನ್ನು ಕೇಳುವುದು. ಶಾಶ್ವತ ದುರಸ್ತಿ ಮೂರನೆಯದು. ಅದಕ್ಕೆ ಅಂದಾಜು ಪಟ್ಟಿ ಆಗಬೇಕು, ಕ್ರಿಯಾಯೋಜನೆಯಲ್ಲಿ ಹಣ ಇಡಬೇಕು, ಟೆಂಡರ್ ಕರೆಯಬೇಕು. ಆದ್ದರಿಂದ ‘ರಸ್ತೆ ಮಾಡಿಕೊಡಿ’ ಎನ್ನುವುದರ ಬದಲು, ಮಳೆ ನಿಲ್ಲುವ ಮೊದಲೇ ಅಂದಾಜು ಪಟ್ಟಿ ತಯಾರಿಸಿ ಮಳೆಯ ನಂತರ ಕಾಮಗಾರಿ ಶುರುವಾಗುವಂತೆ ಮಾಡಬೇಕು ಎಂದು ಕೇಳಿ. ಈಗ ಕೇಳದಿದ್ದರೆ ಆ ಕಾಗದದ ಕೆಲಸ ಬೇಸಗೆಯಲ್ಲಿ ಶುರುವಾಗಿ ಮತ್ತೆ ಮಳೆಗಾಲ ಬಂದುಬಿಡುತ್ತದೆ.

ರಸ್ತೆಗೆ ಇತ್ತೀಚೆಗೆ ಡಾಮರು ಹಾಕಿದ್ದರೆ ಇನ್ನೊಂದು ಸಾಲು ಸೇರಿಸಿ: ಕಾಮಗಾರಿಯ ದೋಷ ಹೊಣೆಗಾರಿಕೆ ಅವಧಿ ಮುಗಿದಿದೆಯೇ ಎಂದು ಪರಿಶೀಲಿಸಿ, ಮುಗಿದಿಲ್ಲವಾದರೆ ಗುತ್ತಿಗೆದಾರರಿಂದಲೇ ದುರಸ್ತಿ ಮಾಡಿಸಬೇಕು.

‘ಕಾಂಕ್ರೀಟ್ ರಸ್ತೆಯೇ ಬೇಕು’ ಎಂದು ಹಟ ಹಿಡಿಯುವುದು ನನಗೆ ಸರಿಕಾಣುವುದಿಲ್ಲ. ಯಾವ ಬಗೆಯ ರಸ್ತೆ ಎಂಬುದು ಹಣ ಮತ್ತು ಜಾಗ ನೋಡಿ ಇಂಜಿನಿಯರ್ ತೀರ್ಮಾನಿಸುವ ವಿಷಯ. ಕಾಂಕ್ರೀಟಿಗೆ ಹಣವಿಲ್ಲ ಎಂಬ ಕಾರಣಕ್ಕೆ ಇಡೀ ಮನವಿ ಬದಿಗೆ ಸರಿಯಬಾರದು. ರಸ್ತೆಯ ಮೇಲೆ ನೀರು ನಿಲ್ಲಬಾರದು, ಚರಂಡಿಯ ನೀರು ತೋಡಿಗೆ ಇಳಿಯಬೇಕು ಎಂಬುದನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ.

ಹೊಡೆದುಹಾಕಬೇಕಾದ ಸಾಲುಗಳು

ದಾರಿದೀಪ, ಕಸದ ಗಾಡಿ, ಬೀದಿನಾಯಿ ಮೂರನ್ನೂ ಈ ಹಾಳೆಯಿಂದ ತೆಗೆಯಿರಿ. ಅವು ಸಣ್ಣ ತೊಂದರೆಗಳಲ್ಲ. ಆದರೆ ಕಸ ಆರೋಗ್ಯ ಶಾಖೆಗೆ ಹೋಗುತ್ತದೆ, ರಸ್ತೆ ಇಂಜಿನಿಯರಿಂಗ್ ಶಾಖೆಗೆ. ಮನವಿಯ ಮೇಲೆ ಅಧಿಕಾರಿ ಒಂದು ಶಾಖೆಯ ಹೆಸರು ಬರೆದು ಕಳುಹಿಸುತ್ತಾರೆ. ಅಲ್ಲಿ ತಮಗೆ ಸಂಬಂಧಿಸಿದ್ದನ್ನಷ್ಟೇ ನೋಡುತ್ತಾರೆ, ಕೆಲವೊಮ್ಮೆ ಅದನ್ನೂ ನೋಡದೆ ಇನ್ನೊಂದು ಶಾಖೆಗೆ ದಾಟಿಸುತ್ತಾರೆ. ಅವುಗಳಿಗೆ ಬೇರೆ ಬೇರೆ ಮನವಿ ಬರೆದು ಅದೇ ದಿನ ಕೊಡಿ.

‘ಹಣ ತಿಂದಿದ್ದಾರೆ ಎಂದು ಜನ ಹೇಳುತ್ತಿದ್ದಾರೆ’ ಎಂಬುದು ಪೂರ್ತಿ ಹೋಗಬೇಕು. ದಾಖಲೆಯಿಲ್ಲದ ಆರೋಪಕ್ಕೆ ಸಹಿ ಹಾಕಿದವರೆಲ್ಲ ಹೊಣೆಯಾಗುತ್ತಾರೆ, ರಸ್ತೆಗೆ ಅದರಿಂದ ಒಂದು ಬುಟ್ಟಿ ಜಲ್ಲಿಯೂ ಬರುವುದಿಲ್ಲ. ಅದರ ಹಿಂದೆ ನಿಜವಾದ ಸಂಗತಿಯೊಂದಿದೆ: ಕಣಿಯನ್ನು ಸರಿಯಾಗಿ ಮುಚ್ಚಿಲ್ಲ. ಅದನ್ನು ಉಳಿಸಿಕೊಳ್ಳಿ.

‘ದಿನವೂ ಬೀಳುತ್ತಿದ್ದಾರೆ’ ಎಂಬುದಕ್ಕೆ ಬದಲಾಗಿ ಗೊತ್ತಿರುವ ಒಂದು ಘಟನೆಯನ್ನು ದಿನಾಂಕ ಸಮೇತ ಬರೆಯಿರಿ. ‘ಜುಲೈ 3ರಂದು ಬೆಳಿಗ್ಗೆ ದ್ವಿಚಕ್ರ ವಾಹನದ ಸವಾರರೊಬ್ಬರು 4ನೇ ಹೊಂಡದಲ್ಲಿ ಬಿದ್ದು ಕೈಗೆ ಪೆಟ್ಟಾಗಿದೆ’ ಎಂಬ ಒಂದೇ ಸಾಲು ‘ನರಕಯಾತನೆ’ಗಿಂತ ಬಲವಾಗಿ ನಿಲ್ಲುತ್ತದೆ. ಗಾಯಗೊಂಡವರ ಒಪ್ಪಿಗೆಯಿಲ್ಲದೆ ಹೆಸರು ಹಾಕಬೇಡಿ. ‘ಎಷ್ಟೋ ವರ್ಷಗಳಿಂದ’ ಎಂಬುದಕ್ಕೂ ಇದೇ ಮಾತು. ಪೈಪಿನ ಕೆಲಸ ಮಾರ್ಚಿನಲ್ಲಿ ನಡೆದಿದ್ದರೆ ‘ಮಾರ್ಚ್ ತಿಂಗಳಿನಿಂದ’ ಎಂದೇ ಬರೆಯಿರಿ.

ತೆರಿಗೆಯ ಪ್ರಶ್ನೆಯ ಜಾಗದಲ್ಲಿ ಕಾನೂನಿನ ಒಂದು ಸಾಲು ಬರಲಿ. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ 87ನೇ ಪ್ರಕರಣ ಸಾರ್ವಜನಿಕ ಬೀದಿಗಳ ನಿರ್ವಹಣೆಯನ್ನು ನಗರಸಭೆಯ ಕಡ್ಡಾಯ ಕರ್ತವ್ಯಗಳ ಸಾಲಿಗೆ ಸೇರಿಸಿದೆ. ಮಂಗಳೂರು ಪಾಲಿಕೆಗೆ ಅನ್ವಯಿಸುವುದು 1976ರ ಪೌರ ನಿಗಮಗಳ ಅಧಿನಿಯಮದ 58ನೇ ಪ್ರಕರಣ. ಒಂದು ಸಾಲಿಗಿಂತ ಹೆಚ್ಚು ಬೇಡ. ಹೋರಾಟದ ಬೆದರಿಕೆಯೂ ಮೊದಲ ಮನವಿಗೆ ಹೊಂದುವುದಿಲ್ಲ. ‘ದಯಮಾಡಿ’, ‘ಕಳಕಳಿಯ’, ‘ಕೃಪೆ ತೋರಿ’ ಎಂಬ ದೀನ ಮಾತುಗಳೂ ಬೇಡ. ನಾವು ಕೇಳುತ್ತಿರುವುದು ದಾನವಲ್ಲ. ‘ಕೋರುತ್ತೇವೆ’ ಎಂಬ ಒಂದು ಪದದಲ್ಲಿ ಬೇಕಾದಷ್ಟು ಮರ್ಯಾದೆಯೂ ಇದೆ, ಬಿಗಿಯೂ ಇದೆ.

ತಿದ್ದಿದ ಮನವಿ

ವಿಷಯದ ಸಾಲಿಗೆ ಸ್ವಲ್ಪ ಹೆಚ್ಚು ಗಮನ ಕೊಡಿ. ಟಪಾಲು ವಿಭಾಗದ ವಹಿಯಲ್ಲಿ ನಮೂದಾಗುವುದು ಆ ಸಾಲೇ. ‘ರಸ್ತೆಯ ಬಗ್ಗೆ’ ಎಂದಿದ್ದರೆ ಮೂರು ತಿಂಗಳ ನಂತರ ನಮ್ಮ ಕಾಗದವನ್ನು ಹುಡುಕುವುದೇ ಕಷ್ಟ. ವಾರ್ಡ್, ರಸ್ತೆ, ಭಾಗ, ಕೋರಿದ ಕೆಲಸ ನಾಲ್ಕೂ ಅದರಲ್ಲಿರಲಿ. ಹಿಂದೆ ದೂರು ಕೊಟ್ಟಿದ್ದರೆ, ಅದು ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದಾಖಲಿಸಿದ್ದಾದರೂ, ಅದರ ಸಂಖ್ಯೆ ಮತ್ತು ದಿನಾಂಕವನ್ನು ‘ಉಲ್ಲೇಖ’ದಲ್ಲಿ ಹಾಕಿ.

ಇವರಿಗೆ,
ಪೌರಾಯುಕ್ತರು,
ನಗರಸಭೆ, ಉಡುಪಿ.

ಮಾನ್ಯರೇ,

ವಿಷಯ: ____ ವಾರ್ಡಿನ ಅಶ್ವತ್ಥಕಟ್ಟೆ ಅಡ್ಡರಸ್ತೆಯಲ್ಲಿ ಅಂಗನವಾಡಿಯಿಂದ ಮೋರಿಯವರೆಗಿನ 60 ಮೀಟರ್ ಭಾಗದ ದುರಸ್ತಿ ಮತ್ತು ಚರಂಡಿಯ ಹೂಳು ತೆರವು ಕೋರಿ.

ಉಲ್ಲೇಖ: ದೂರು ಸಂಖ್ಯೆ ____, ದಿನಾಂಕ ____.

ಮೇಲ್ಕಂಡ ರಸ್ತೆಯ 60 ಮೀಟರ್ ಭಾಗದಲ್ಲಿ ಆರು ಹೊಂಡಗಳಿದ್ದು, ದೊಡ್ಡದು 1.5 ಮೀಟರ್ ಉದ್ದ, 1 ಮೀಟರ್ ಅಗಲ ಹಾಗೂ 18 ಸೆಂಟಿಮೀಟರ್ ಆಳವಿದೆ. ಬಲಬದಿಯ ಚರಂಡಿಯಲ್ಲಿ ಹೂಳು ತುಂಬಿರುವುದರಿಂದ ಮಳೆನೀರು ರಸ್ತೆಯ ಮೇಲೆ ಹರಿಯುತ್ತಿದೆ. ಎಡಬದಿಯಲ್ಲಿ ಮಾರ್ಚ್ ತಿಂಗಳಿನಲ್ಲಿ ಪೈಪ್ ಅಳವಡಿಸಲು ಅಗೆದ ಕಣಿಯನ್ನು ಮಣ್ಣಿನಿಂದ ಮಾತ್ರ ಮುಚ್ಚಲಾಗಿದ್ದು, ಅದು ಕುಸಿದಿದೆ. ಜುಲೈ 3ರಂದು ದ್ವಿಚಕ್ರ ವಾಹನದ ಸವಾರರೊಬ್ಬರು 4ನೇ ಹೊಂಡದಲ್ಲಿ ಬಿದ್ದು ಗಾಯಗೊಂಡಿದ್ದಾರೆ. ಅಂಗನವಾಡಿಯ ಮಕ್ಕಳು ಇದೇ ರಸ್ತೆಯಲ್ಲಿ ನಡೆದು ಬರುತ್ತಾರೆ.

ಸಾರ್ವಜನಿಕ ಬೀದಿಗಳ ನಿರ್ವಹಣೆಯು ಕರ್ನಾಟಕ ಪೌರಸಭೆಗಳ ಅಧಿನಿಯಮ, 1964ರ ಪ್ರಕರಣ 87ರ ಅನ್ವಯ ನಗರಸಭೆಯ ಕರ್ತವ್ಯವಾಗಿರುವುದರಿಂದ, ಈ ಕೆಳಗಿನ ಕ್ರಮಗಳನ್ನು ಕೋರುತ್ತೇವೆ:

1. ಈ ಮನವಿ ತಲುಪಿದ 15 ದಿನಗಳೊಳಗೆ ಬಲಬದಿಯ ಚರಂಡಿಯ ಹೂಳು ತೆಗೆದು, ಆರೂ ಹೊಂಡಗಳನ್ನು ಜಲ್ಲಿ ಮಿಶ್ರಣದಿಂದ ತುಂಬಿ ಗಟ್ಟಿಗೊಳಿಸುವುದು. ಅಲ್ಲಿಯವರೆಗೆ ಎಚ್ಚರಿಕೆಯ ಫಲಕ ಇಡುವುದು.

2. ಪೈಪಿನ ಕಣಿಯ ಭಾಗವನ್ನು ಅಗೆದ ಸಂಸ್ಥೆಯಿಂದ ಅಥವಾ ಗುತ್ತಿಗೆದಾರರಿಂದ ಮೊದಲಿನ ಸ್ಥಿತಿಗೆ ತರಿಸುವುದು.

3. 60 ಮೀಟರ್ ಭಾಗದ ಶಾಶ್ವತ ದುರಸ್ತಿಗೆ ಸೆಪ್ಟೆಂಬರ್ ಅಂತ್ಯದೊಳಗೆ ಅಂದಾಜು ಪಟ್ಟಿ ತಯಾರಿಸಿ, ಡಿಸೆಂಬರ್ ಅಂತ್ಯದೊಳಗೆ ಕಾಮಗಾರಿ ಪೂರ್ಣಗೊಳಿಸುವುದು.

ಸ್ಥಳ ಪರಿಶೀಲನೆಯ ದಿನವನ್ನು ಮುಂಚಿತವಾಗಿ ತಿಳಿಸಿದಲ್ಲಿ ನಾವು ಹಾಜರಿರುತ್ತೇವೆ. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು, ಹೆಸರು, ಮನೆಯ ವಿಳಾಸ, ದೂರವಾಣಿ)

ಲಗತ್ತು: ಹೊಂಡಗಳ ಅಳತೆಯ ಪಟ್ಟಿ, ಐದು ಫೋಟೋ, ಕೈಯಿಂದ ಬರೆದ ನಕ್ಷೆ.

ಮಧ್ಯದ ವಾಕ್ಯಗಳನ್ನು ಗಮನಿಸಿ. ಒಂದೊಂದರಲ್ಲಿ ಒಂದೇ ಸಂಗತಿಯಿದೆ, ಎಲ್ಲವೂ ಕಣ್ಣಿಗೆ ಕಾಣುವಂಥವು. ಸ್ಥಳಕ್ಕೆ ಬಂದ ಇಂಜಿನಿಯರ್ ತಮ್ಮ ವರದಿಯನ್ನು ಬರೆಯುವಾಗ ಈ ಸಾಲುಗಳನ್ನು ಹಾಗೆಯೇ ಎತ್ತಿಕೊಳ್ಳಬಹುದು. ಅವರ ಕೆಲಸ ಹಗುರವಾದಷ್ಟು ವರದಿ ಬೇಗ ಮೇಲಕ್ಕೆ ಹೋಗುತ್ತದೆ. ದಿನಗಳ ಗಡುವು ನಾವು ಕೇಳುತ್ತಿರುವುದು, ಕಾನೂನು ಹಾಕಿದ್ದಲ್ಲ. ಆದರೂ ಅದು ಕಾಗದದ ಮೇಲಿದ್ದರೆ ಮುಂದಿನ ಪತ್ರಕ್ಕೆ ಆಧಾರವಾಗುತ್ತದೆ.

ಕೊಡುವಾಗ, ಕೊಟ್ಟ ಮೇಲೆ

ಸಹಿಗಳು ಮನವಿಯ ಹಾಳೆಯಲ್ಲಿಯೇ ಶುರುವಾಗಲಿ. ಬರೀ ಸಹಿಗಳಿರುವ ಬೇರೆ ಹಾಳೆ ಇದ್ದರೆ ಅದರ ತಲೆಯಲ್ಲಿ ವಿಷಯದ ಸಾಲನ್ನು ಮತ್ತೆ ಬರೆಯಿರಿ, ಇಲ್ಲವಾದರೆ ಅದು ಯಾವುದಕ್ಕೆ ಹಾಕಿದ ಸಹಿ ಎಂಬ ಪ್ರಶ್ನೆ ಬರುತ್ತದೆ. ಆ ರಸ್ತೆಯನ್ನು ಬಳಸುವವರ ಇಪ್ಪತ್ತು ಸಹಿ, ದೂರದ ಇನ್ನೂರು ಸಹಿಗಿಂತ ಮೇಲು. ವಾರ್ಡಿನ ಸದಸ್ಯರು ಅಧಿಕಾರದಲ್ಲಿದ್ದರೆ ಅವರಿಗೂ ಒಂದು ಪ್ರತಿ ಕೊಡಿ; ಕ್ರಿಯಾಯೋಜನೆಯಲ್ಲಿ ರಸ್ತೆಯನ್ನು ಸೇರಿಸುವಾಗ ಅವರ ಮಾತು ನಡೆಯುತ್ತದೆ.

ಎರಡು ಪ್ರತಿ ಒಯ್ದು ಟಪಾಲು ವಿಭಾಗದಲ್ಲಿಯೇ ಕೊಡಿ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಮೂರೂ ಬೀಳಬೇಕು. ಅಧಿಕಾರಿಯ ಕೈಗೆ ನೇರವಾಗಿ ಕೊಟ್ಟು ಫೋಟೋ ತೆಗೆಸಿಕೊಂಡರೆ ಸ್ವೀಕೃತಿ ಸಿಕ್ಕಂತಾಗುವುದಿಲ್ಲ. ಹಾಗೆ ಕೊಟ್ಟರೂ ಕೆಳಗೆ ಬಂದು ಇನ್ನೊಂದು ಪ್ರತಿಯನ್ನು ಟಪಾಲಿಗೆ ಹಾಕಿ.

ಹದಿನೈದು ದಿನ ಕಳೆದ ಮೇಲೆ ರಸ್ತೆಗೆ ಹೋಗಿ ಬೇಡಿಕೆಯ ಮೊದಲ ಸಾಲನ್ನು ಇಟ್ಟುಕೊಂಡು ನೋಡಿ. ಹೂಳು ತೆಗೆದಿದ್ದಾರೆ, ಹೊಂಡ ತುಂಬಿಲ್ಲ ಎಂದಿದ್ದರೆ ಆಗಿರುವ ಕೆಲಸವನ್ನು ಒಪ್ಪಿಕೊಂಡೇ ಎರಡನೆಯ ಪತ್ರ ಬರೆಯಿರಿ. ಹಳೆಯ ಕಥೆ ಮತ್ತೆ ಬೇಡ. ಸ್ವೀಕೃತಿ ಸಂಖ್ಯೆಯನ್ನು ಉಲ್ಲೇಖದಲ್ಲಿ ಹಾಕಿ, ‘ಕ್ರಮ ಸಂಖ್ಯೆ 1ರಲ್ಲಿ ಕೋರಿದ ಚರಂಡಿ ತೆರವು ಆಗಿದೆ. ಹೊಂಡಗಳನ್ನು ತುಂಬುವ ಕೆಲಸ ಬಾಕಿಯಿದೆ’ ಎಂದರೆ ಸಾಕು.

ಅದಕ್ಕೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ನಗರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ‘ಏಕೆ ಮಾಡಲಿಲ್ಲ’ ಎಂದು ಅದರಲ್ಲಿ ಕೇಳಬೇಡಿ, ದಾಖಲೆ ಕೇಳಿ: ನಮ್ಮ ಮನವಿಯ ಮೇಲೆ ಬರೆದ ಟಿಪ್ಪಣಿಗಳ ಪ್ರತಿ, ಸ್ಥಳ ಪರಿಶೀಲನಾ ವರದಿಯ ಪ್ರತಿ, ರಸ್ತೆ ಅಗೆಯಲು ಕೊಟ್ಟ ಅನುಮತಿಯ ಪ್ರತಿ. ಈ ಮೂರು ಕೈಗೆ ಬಂದರೆ ಕಡತ ಯಾವ ಮೇಜಿನ ಮೇಲೆ ನಿಂತಿದೆ, ಕಣಿ ಮುಚ್ಚುವ ಹೊಣೆ ಯಾರದು ಎಂಬುದು ಗೊತ್ತಾಗುತ್ತದೆ. ಮೂರನೆಯ ಪತ್ರವನ್ನು ಯಾರ ಹುದ್ದೆಗೆ ಬರೆಯಬೇಕೆಂದು ಅದರಿಂದಲೇ ತೀರ್ಮಾನಿಸಬಹುದು.